ಮೇಲಿನ ಮನೆ ಗ್ರೈಂಡರ್, ಕೆಳಗಿನ ಮನೆ ನಿದ್ದೆ: ಬಾಡಿಗೆಯವರ ಮಧ್ಯೆ ಸದ್ದಿನ ತಕರಾರು ಬಿಡಿಸೋರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಲಿ ನಮ್ಮ ಚಿಕ್ಕಪ್ಪಂದು ಒಂದು ಮೂರು ಅಂತಸ್ತಿನ ಬಿಲ್ಡಿಂಗ್ ಉಂಟು. ಅವರು ಇರೋದು ಸಿದ್ದಾಪುರ ಕಡೆ ತೋಟದಲ್ಲಿ, ಹಾಗಾಗಿ ಬಾಡಿಗೆ, ನೀರು, ಮೋಟರ್, ಜಗಳ ಎಲ್ಲ ನನ್ನ ತಲೆ ಮೇಲೆ. ಹೋದ ಅಕ್ಟೋಬರಲ್ಲಿ ಮೊದಲನೇ ಮಹಡಿಯ ನರ್ಸ್‌ಗೂ (ನಾವೆಲ್ಲ ಸಿಸ್ಟರ್ ಅಂತಲೇ ಕರೆಯೋದು) ಎರಡನೇ ಮಹಡಿಯ ಅಕ್ಕಂಗೂ ಗ್ರೈಂಡರ್ ವಿಷಯಕ್ಕೆ ಹತ್ಕೊಂಡಿತ್ತು. ಅದನ್ನ ಬಿಡಿಸಿದ್ಮೇಲೆ ಬೇರೆ ಬಿಲ್ಡಿಂಗ್ ನೋಡ್ಕೊಳ್ಳೋರು, ಓನರ್‌ಗಳು ಫೋನ್ ಮಾಡಿ ಅದೇ ಪ್ರಶ್ನೆ ಕೇಳ್ತಾ ಇದ್ದಾರೆ, ಪ್ರತಿ ಸಲ ಹೇಳೋ ಬದಲು ಒಂದೇ ಕಡೆ ಬರೆದಿಡ್ತಿದ್ದೀನಿ. ಉದಾಹರಣೆ ಎಲ್ಲ ಆ ಒಂದೇ ಕೇಸಿಂದು.

ಕಂಪ್ಲೇಂಟ್ ಬಂದ ತಕ್ಷಣ ಮೊದಲು ಏನ್ ಮಾಡ್ಬೇಕು?

ಮೊದಲು ಏನ್ ಮಾಡಬಾರದು ಅಂತ ಹೇಳ್ತೀನಿ ಯಾಕಂದ್ರೆ ನಾನು ಅದನ್ನೇ ಮಾಡಿದ್ದು. ಸಿಸ್ಟರ್ ಮಧ್ಯಾಹ್ನ ಎರಡೂ ಕಾಲಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು, ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ದವರು, ಹಿಂದೆ ಗರ್ರ್ ಅಂತ ಸದ್ದು, ಅವರ ದನಿಯಲ್ಲಿ ಅಳು ಸಿಟ್ಟು ಎರಡೂ ಇತ್ತು, "ಇವರಿಗೆ ಮನುಷ್ಯತ್ವ ಇದೆಯಾ ಅಣ್ಣ" ಅಂತ. ನಾನು ಬುದ್ಧಿವಂತ, ಅದನ್ನ ಹಾಗೇ ಮೇಲಿನ ಅಕ್ಕಂಗೆ ಫಾರ್ವರ್ಡ್ ಮಾಡಿ ಕೆಳಗೆ "ಸ್ವಲ್ಪ ನೋಡ್ಕೊಳ್ಳಿ ಅಕ್ಕ" ಅಂತ ಟೈಪ್ ಮಾಡ್ದೆ. ಮುಗೀತು. ಎರಡು ವಾರ ಮೆಟ್ಟಿಲಲ್ಲಿ ಎದುರಾದ್ರೂ ಇಬ್ಬರೂ ಮುಖ ತಿರುಗಿಸ್ಕೊಂಡು ಹೋದ್ರು, ಸಿಸ್ಟರ್ ಕಡ್ಡಿ ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟೋದು, ಮೇಲಿಂದ ಅದಕ್ಕೆ ಉತ್ತರ ಅಂತ ಏನೋ ಭಾರದ್ದು ಧಪ್ ಅಂತ ಬೀಳೋದು.

ನಿದ್ದೆ ಕೆಟ್ಟ ಹೊತ್ತಲ್ಲಿ ಬಂದ ಮಾತು ನಿಮ್ಮ ಹತ್ರವೇ ಇರಬೇಕು, ಮುಂದೆ ಹೋಗಬಾರದು. ಆ ಹೊತ್ತಿಗೆ ಹೇಳಬೇಕಾದ್ದು ಇಷ್ಟೇ, "ಕೇಳಿಸ್ಕೊಂಡೆ ಸಿಸ್ಟರ್, ನೀವು ಎದ್ದ ಮೇಲೆ ಬಂದು ಕೂತು ಮಾತಾಡ್ತೀನಿ." ಆಮೇಲೆ ನಿಜವಾಗ್ಲೂ ಹೋಗಿ ಕೂರಿ. ಮೆಟ್ಟಿಲ ಹತ್ರ ನಿಂತ್ಕೊಂಡು ಅಲ್ಲ, ಅವರ ಮನೆ ಒಳಗೆ, ಸದ್ದು ಕೇಳಿಸೋ ರೂಮಲ್ಲೇ.

ಅವರ ಹತ್ರ ಏನೇನು ಕೇಳ್ಬೇಕು?

"ತುಂಬಾ ಗಲಾಟೆ", "ಯಾವಾಗ್ಲೂ", "ದಿನಾ ಇಡೀ" ಅನ್ನೋ ಮಾತಿಂದ ಯಾರಿಗೂ ಏನೂ ಮಾಡಕ್ಕಾಗಲ್ಲ. ಎಂಥ ಸದ್ದು, ಎಷ್ಟೊತ್ತಿಗೆ, ಎಷ್ಟು ನಿಮಿಷ, ಯಾವ ರೂಮಲ್ಲಿ ಜಾಸ್ತಿ, ಆ ಹೊತ್ತಲ್ಲಿ ನೀವು ಏನ್ ಮಾಡ್ತಾ ಇದ್ರಿ, ಇಷ್ಟು ಕೇಳಿ. ಕೊನೇದು ಮುಖ್ಯ. ಟಿವಿ ನೋಡುವಾಗ ಕೇಳಿಸೋ ಸದ್ದೇ ಬೇರೆ, ನಿದ್ದೆಗೆ ಬೀಳೋ ಸದ್ದೇ ಬೇರೆ.

ಸಿಸ್ಟರ್‌ಗೆ ಒಂದು ವಾರ ಕ್ಯಾಲೆಂಡರ್ ಹಾಳೆ ಹಿಂದೆ ಬರೆದಿಡಿ ಅಂದೆ. ವಾರ ಆದ್ಮೇಲೆ ನೋಡಿದ್ರೆ ಮೂರೇ ಸದ್ದು ಇತ್ತು. ಒಂದು ಗ್ರೈಂಡರ್, ಎರಡು ಗಂಟೆಯಿಂದ ಸುಮಾರು ನಲವತ್ತು ನಿಮಿಷ, ಐದು ದಿನ. ಎರಡನೇದು ರಾತ್ರಿ ಒಂಬತ್ತೂವರೆ ಹೊತ್ತಿಗೆ ಕುರ್ಚಿ ಎಳೆಯೋದು. ಮೂರನೇದು ಡ್ಯೂಟಿ ಇಲ್ಲದ ರಾತ್ರಿ ಹೊತ್ತು ಗೊತ್ತಿಲ್ಲದೆ ಬರೋ ಒಂದು "ಧಡ್", ಒಂದಿನ ಹನ್ನೊಂದಕ್ಕೆ, ಇನ್ನೊಂದಿನ ಎರಡೂವರೆಗೆ. ಅದಕ್ಕೆ ಮುಂಚೆ ಅವರ ತಲೇಲಿ ಮೇಲಿನ ಮನೆಯವರು ಇಪ್ಪತ್ನಾಲ್ಕು ಗಂಟೆ ಕುಟ್ತಾನೇ ಇರ್ತಾರೆ ಅನ್ನೋ ಹಾಗಿತ್ತು, ಬರೆದು ನೋಡಿದ್ಮೇಲೆ ಅವರೇ ಸ್ವಲ್ಪ ತಣ್ಣಗಾದ್ರು. ಮಳೆ ಇತ್ತಾ ಇಲ್ವಾ ಅಂತಲೂ ಬರೀಲಿ, ಯಾಕೆ ಅಂತ ಕೆಳಗೆ ಹೇಳ್ತೀನಿ.

ಯಾರು ಕಂಪ್ಲೇಂಟ್ ಕೊಟ್ರು ಅಂತ ಹೇಳ್ದೆ ಮುಚ್ಚಿಡಬಹುದಾ?

ಮೂರು ಮನೆ ಇರೋ ಬಿಲ್ಡಿಂಗಲ್ಲಿ ಏನ್ ಮುಚ್ಚಿಡ್ತೀರಾ ಮಾರಾಯ್ರೇ. ಕೆಳಗೆ ಇರೋದು ಅವರೊಬ್ಬರೇ. "ಯಾರೋ ಹೇಳಿದ್ರು" ಅಂದ್ರೆ ನೀವು ಆಟ ಆಡ್ತಿದ್ದೀರಾ ಅಂತ ಗೊತ್ತಾಗುತ್ತೆ. ಅದರ ಬದಲು ದೂರು ಕೊಟ್ಟವರ ಹತ್ರನೇ ಕೇಳಿ, "ನಾನು ಮೇಲೆ ಹೋಗಿ ಇದರಲ್ಲಿ ಎಷ್ಟು ಹೇಳಬಹುದು?" ಅಂತ. ಸಿಸ್ಟರ್ ಹೇಳಿದ್ದು, ನೈಟ್ ಡ್ಯೂಟಿ ವಿಷಯ ಹೇಳಿ, ನಿದ್ದೆ ಇಲ್ಲದೆ ಡ್ಯೂಟಿಲಿ ಕೈ ತಪ್ಪುತ್ತೆ ಅಂತ ಹೆದರಿಕೆ ಆಗಿರೋದು ಹೇಳಿ, ಅತ್ತಿದ್ದು ಹೇಳ್ಬೇಡಿ. ಅಷ್ಟೇ ಹೇಳಿದ್ದು.

ಮೇಲಿನವರ ಹತ್ರ ಮಾತು ಹೇಗೆ ಶುರು ಮಾಡೋದು? ಅವರಿಗೆ ಬೇಜಾರಾಗುತ್ತಲ್ಲ?

ಆಗುತ್ತೆ. ಸದ್ದು ಮಾಡೋರಿಗೆ ತಮ್ಮ ಸದ್ದು ಕೆಳಗೆ ಹೇಗೆ ಕೇಳಿಸುತ್ತೆ ಅಂತ ಗೊತ್ತೇ ಇರಲ್ಲ, ಆದ್ದರಿಂದ ಯಾವ ದೂರೂ ಅವರಿಗೆ ಸುಳ್ಳು ಅಥವಾ ಹೊಟ್ಟೆಕಿಚ್ಚು ಅನ್ಸುತ್ತೆ. "ನಿಮ್ಮ ಮೇಲೆ ಕಂಪ್ಲೇಂಟ್ ಬಂದಿದೆ" ಅಂತ ಶುರು ಮಾಡಿದ್ರೆ ಮುಂದಿನ ಅರ್ಧ ಗಂಟೆ ಅವರು ತಮ್ಮನ್ನ ಕಾಪಾಡ್ಕೊಳ್ಳೋದ್ರಲ್ಲೇ ಹೋಗುತ್ತೆ.

ನಾನು ಎರಡನೇ ಸಲ ಹೋದಾಗ ಮೊದಲು ಆ ವಾಯ್ಸ್ ಮೆಸೇಜಿಗೆ ಕ್ಷಮೆ ಕೇಳ್ದೆ, ತಪ್ಪು ನಂದು, ಸಿಸ್ಟರ್ ಅದನ್ನ ನಿಮಗೆ ಅಂತ ಕಳ್ಸಿದ್ದಲ್ಲ ಅಂದೆ. ಆಮೇಲೆ, "ಅಕ್ಕ, ನಿಮ್ಮ ದಿನ ಹೇಗೆ ನಡೆಯುತ್ತೆ ಹೇಳಿ, ಗ್ರೈಂಡರ್ ಎರಡು ಗಂಟೆಗೇ ಯಾಕೆ?" ಅಂತ ಕೇಳ್ದೆ. ಬೇರೆ ಏನೂ ಕೇಳ್ಲಿಲ್ಲ. ಅವರು ಒಂದು ಚಿಕ್ಕ ಕ್ಯಾಂಟೀನಿಗೆ ಇಡ್ಲಿ ಮಾಡಿ ಕೊಡ್ತಾರೆ, ಬೆಳಿಗ್ಗೆ ಆರೂವರೆಗೆ ಹೋಗ್ಬೇಕು, ಅಂದ್ರೆ ಐದಕ್ಕೆ ಹಿಟ್ಟು ಉಬ್ಬಿರಬೇಕು. ಈ ಚಳಿಗೆ ಹಿಟ್ಟು ಎಲ್ಲಿ ಉಬ್ಬುತ್ತೆ, ರಾತ್ರಿ ಎಂಟಕ್ಕೆ ರುಬ್ಬಿದ್ರೆ ಬೆಳಿಗ್ಗೆ ಇಡ್ಲಿ ಕಲ್ಲು. ಅದಕ್ಕೇ ಮಧ್ಯಾಹ್ನವೇ ರುಬ್ಬಿಟ್ಟು ಹದಿನಾಲ್ಕು ಗಂಟೆ ಬಿಡ್ತಾರೆ. ನಾಲ್ಕೂ ಕಾಲಿಗೆ ಮಕ್ಕಳು ಸ್ಕೂಲಿಂದ ಬಂದ್ಮೇಲೆ ಆ ಕೆಲ್ಸ ಆಗಲ್ಲ. ಅಲ್ಲಿಗೆ ನನಗೆ ಗೊತ್ತಾಯ್ತು, ಅವರಿಗೆ ಬೇಕಾಗಿರೋದು ಎರಡು ಗಂಟೆ ಅಲ್ಲ, ಬೆಳಿಗ್ಗೆ ಐದಕ್ಕೆ ಉಬ್ಬಿದ ಹಿಟ್ಟು. ಸಿಸ್ಟರ್‌ಗೆ ಬೇಕಾಗಿರೋದು ಗ್ರೈಂಡರ್ ನಿಲ್ಲಿಸೋದಲ್ಲ, ಒಂಬತ್ತೂವರೆಯಿಂದ ಮೂರೂವರೆ ತನಕ ನಿದ್ದೆ.

ಸದ್ದು ನಿಜವಾಗ್ಲೂ ಮೇಲಿನ ಮನೆಯಿಂದಲೇ ಬರ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಇದನ್ನ ತುಂಬಾ ಜನ ಬಿಟ್ಟುಬಿಡ್ತಾರೆ. ಕಾಂಕ್ರೀಟ್ ಬಿಲ್ಡಿಂಗಲ್ಲಿ ಸ್ಲ್ಯಾಬ್, ಪಿಲ್ಲರ್, ಗೋಡೆ ಎಲ್ಲ ಒಂದಕ್ಕೊಂದು ಅಂಟ್ಕೊಂಡಿರೋದ್ರಿಂದ ಒಂದು ಮೂಲೇಲಿ ಕುಟ್ಟಿದ್ದು ಇನ್ನೊಂದು ಮೂಲೇಲಿ ತಲೆ ಮೇಲೆ ಕುಟ್ಟಿದ ಹಾಗೆ ಕೇಳಿಸುತ್ತೆ. ಕಿವಿ ಮೋಸ ಮಾಡುತ್ತೆ.

ಟೆಸ್ಟ್ ಸುಲಭ. ಇಬ್ಬರು ಬೇಕು. ಒಬ್ಬರು ಮೇಲೆ, ನೀವು ಕೆಳಗೆ ಸಿಸ್ಟರ್ ಮಂಚದ ಮೇಲೆ ಕೂತು ಫೋನಲ್ಲಿ ಮಾತಾಡ್ತಾ, "ಈಗ ಗ್ರೈಂಡರ್ ಹಾಕಿ, ಈಗ ನಿಲ್ಸಿ, ಈಗ ಕುರ್ಚಿ ಎಳೀರಿ, ಈಗ ನಡೀರಿ" ಅಂತ ಒಂದೊಂದಾಗಿ ಮಾಡಿಸಿ. ಮಳೆ ಇಲ್ಲದಾಗ, ತಕರಾರು ಇರೋ ಹೊತ್ತಲ್ಲೇ ಮಾಡಿ. ಆಮೇಲೆ ಮೇಲಿನವರನ್ನೂ ಕರ್ಕೊಂಡು ಬಂದು ಅದೇ ಮಂಚದ ಮೇಲೆ ಕೂರಿಸಿ, ಈ ಸಲ ಮೇಲೆ ಅವರ ಮನೆಯವರು ಗ್ರೈಂಡರ್ ಹಾಕಲಿ. ನಮ್ಮ ಅಕ್ಕ ಆ ಗರ್ರ್ ಕೇಳಿ ಅರ್ಧ ನಿಮಿಷ ಸುಮ್ನಿದ್ದು, "ಅಯ್ಯೋ, ಇದು ನಮ್ದೇನಾ?" ಅಂದ್ರು. ಅಲ್ಲಿ ತನಕ ನಾನು ಆಡಿದ ಮಾತೆಲ್ಲ ಸೇರಿಸಿದ್ರೂ ಅಷ್ಟು ಕೆಲಸ ಆಗಿರ್ಲಿಲ್ಲ.

ಇನ್ನು ಆ ರಾತ್ರಿ "ಧಡ್" ವಿಷಯ. ಮೇಲೆ ಏನು ಮಾಡಿಸಿದ್ರೂ ಆ ಸದ್ದು ಬರ್ಲಿಲ್ಲ. ಅಕ್ಕನ ಮನೇಲಿ ಹತ್ತಕ್ಕೆಲ್ಲ ದೀಪ ಆರ್ತದೆ. ಡೈರಿ ನೋಡಿದ್ರೆ ಅದು ಬಂದ ರಾತ್ರಿ ಎಲ್ಲ ಕರೆಂಟ್ ಹೋಗಿ ಬಂದ ರಾತ್ರಿ. ಆಗ ಹೊಳೀತು, ಸಂಪಿನ ಮೋಟರ್ ಆಟೋಮ್ಯಾಟಿಕ್, ಕರೆಂಟ್ ಬಂದ ಕೂಡ್ಲೇ ತಾನೇ ಆನ್ ಆಗಿ ಟ್ಯಾಂಕ್ ತುಂಬಿದ್ಮೇಲೆ ಆಫ್ ಆಗುತ್ತೆ, ಆಫ್ ಆದಾಗ ಪೈಪಲ್ಲಿ ಮೇಲೆ ಹೋಗ್ತಿದ್ದ ನೀರು ವಾಪಸ್ ಬಂದು ಬಡಿಯುತ್ತೆ, ಆ ಪೈಪ್ ಸಿಸ್ಟರ್ ಬೆಡ್‌ರೂಮ್ ಗೋಡೆಗೇ ಕ್ಲ್ಯಾಂಪ್ ಆಗಿರೋದು. ಎರಡು ರಾತ್ರಿ ಆಟೋಮ್ಯಾಟಿಕ್ ಆಫ್ ಮಾಡಿಟ್ಟೆ, ಸದ್ದಿಲ್ಲ. ಅಂದ್ರೆ ತಿಂಗಳಿಂದ ಅಕ್ಕ ಬೈಸ್ಕೊಂಡಿದ್ದು ನಮ್ಮ ಮೋಟರಿಗೆ! ಪ್ಲಂಬರ್ ಬಂದು ಮೋಟರ್ ಹತ್ರದ ಸವೆದ ವಾಲ್ವ್ ಬದಲಾಯಿಸಿ, ಕ್ಲ್ಯಾಂಪಿಗೆ ರಬ್ಬರ್ ಕೊಟ್ಟ. ಖರ್ಚು ಚಿಕ್ಕಪ್ಪಂದು. ಓನರ್ ಕಡೆಯವರು ಮಧ್ಯಸ್ಥಿಕೆಗೆ ಕೂತ್ರೆ ತಮ್ಮ ಪಾಲಿನ ಸದ್ದನ್ನ ಮೊದಲು ತೆಗೀಬೇಕು, ಆಗ ಮಾತಿಗೆ ಬೆಲೆ ಬರುತ್ತೆ.

ಮೊಬೈಲಲ್ಲಿ ಡೆಸಿಬಲ್ ಆಪ್ ಹಾಕಿ ಅಳೆದು ತೋರಿಸಿದ್ರೆ ಸಾಕಲ್ವಾ?

ಬೇಡ. ಒಂದು ಫೋನಿಗೂ ಇನ್ನೊಂದು ಫೋನಿಗೂ ನಂಬರ್ ಬೇರೆ ಬರುತ್ತೆ, ಇಬ್ಬರೂ ಆಪ್ ಹಾಕ್ಕೊಂಡು ನಂದೇ ಸರಿ ಅಂತ ಕೂರ್ತಾರೆ. ಅದೂ ಅಲ್ಲದೆ ಗ್ರೈಂಡರ್ ಗುಂಯ್ ಅನ್ನೋದು, ಹೆಜ್ಜೆ ಧಂ ಅನ್ನೋದು ಎಲ್ಲ ದಪ್ಪ ಸದ್ದು. ಸಾಮಾನ್ಯವಾಗಿ ಅಳೆಯೋ ವಿಧಾನದಲ್ಲಿ ಅಂಥ ಸದ್ದಿನ ಲೆಕ್ಕ ಕಮ್ಮಿ ಬರುತ್ತೆ, ಮಲಗಿದವರಿಗೆ ಮಾತ್ರ ದಿಂಬಿನೊಳಗೇ ಕೇಳಿಸುತ್ತೆ. ನಂಬರ್ ಚಿಕ್ಕದು ಬಂತು ಅಂತ ಕಷ್ಟ ಚಿಕ್ಕದು ಅಂತಲ್ಲ.

ಬೆಂಗಳೂರಲ್ಲಿ ಇಷ್ಟು ತಕರಾರು ಇರ್ಲಿಲ್ಲ, ಇಲ್ಲಿ ಯಾಕೆ ಸಣ್ಣ ಸದ್ದೂ ದೊಡ್ಡದು?

ಬೆಂಗಳೂರಲ್ಲಿ ರಾತ್ರಿ ಇಡೀ ಫ್ಯಾನ್ ತಿರುಗುತ್ತೆ, ಹೊರಗೆ ಗಾಡಿ ಓಡಾಡುತ್ತೆ, ಅದರ ಅಡಿಯಲ್ಲಿ ಬೇರೆ ಸದ್ದು ಮುಚ್ಚಿಹೋಗುತ್ತೆ. ಮಡಿಕೇರಿಲಿ ಎಷ್ಟೋ ಮನೇಲಿ ಫ್ಯಾನೇ ಇಲ್ಲ. ಕಿಟಕಿ ಹಾಕ್ಕೊಂಡು ಕಂಬಳಿ ಹೊದ್ದು ಮಲಗಿದ್ರೆ ಪಕ್ಕದ ಮನೆ ಗಡಿಯಾರ ಕೇಳಿಸ್ಬೇಕು ಅಷ್ಟು ಮೌನ.

ಮಳೆಗಾಲದ್ದು ಇನ್ನೊಂದು ಕಥೆ. ಜೂನಿಂದ ಸೆಪ್ಟೆಂಬರ್ ತನಕ ಶೀಟಿನ ಮೇಲೆ ಬೀಳೋ ಮಳೆ ಸದ್ದಲ್ಲಿ ಗ್ರೈಂಡರ್ ಇದೆ ಅಂತಲೇ ಗೊತ್ತಾಗಲ್ಲ. ಅಕ್ಟೋಬರಲ್ಲಿ ಮಳೆ ಬಿಡ್ತು ಅಂದ್ರೆ ಅದೇ ಗ್ರೈಂಡರ್, ಅದೇ ಹೊತ್ತು, ಈಗ ಮೊದಲ ಸಲ ಸರಿಯಾಗಿ ಕೇಳಿಸುತ್ತೆ. ಮೇಲಿನವರು "ನಾವು ಜೂನಿಂದ ಹೀಗೇ ಮಾಡ್ತಿದ್ದೀವಿ, ಈಗ ಯಾಕೆ ತಗಾದೆ" ಅಂತಾರೆ, ಕೆಳಗಿನವರು "ಈಗ ಬೇಕು ಅಂತಲೇ ಜಾಸ್ತಿ ಮಾಡ್ತಿದ್ದಾರೆ" ಅಂತಾರೆ, ಇಬ್ಬರೂ ಸುಳ್ಳು ಹೇಳ್ತಿಲ್ಲ. ಇದನ್ನ ಇಬ್ಬರಿಗೂ ಬಿಡಿಸಿ ಹೇಳಿದ್ರೆ "ಬೇಕಂತಲೇ" ಅನ್ನೋ ಅನುಮಾನ ಅರ್ಧ ಇಳಿಯುತ್ತೆ.

ಇದರಲ್ಲೇ ಒಂದು ಉಪಾಯವೂ ಉಂಟು. ಸಿಸ್ಟರ್ ಒಂದು ಹಳೇ ಟೇಬಲ್ ಫ್ಯಾನ್ ತಂದು ಗೋಡೆ ಕಡೆ ಮುಖ ಮಾಡಿ ಇಟ್ಕೊಂಡ್ರು, ಗಾಳಿ ಮೈಗೆ ಬರಲ್ಲ, ಸದ್ದು ಮಾತ್ರ ಒಂದೇ ಸಮ ಇರುತ್ತೆ. ಮಾತು, ಟಿವಿ, ಪಾತ್ರೆ ಸದ್ದಿಗೆ ಇದು ಸಾಕು. ಸ್ಲ್ಯಾಬಿಂದ ಬರೋ ಧಂ ಧಂ ಮಾತ್ರ ಇದರಿಂದ ಮುಚ್ಚಲ್ಲ.

ಹತ್ತು ಗಂಟೆ ರೂಲ್ ಇದೆಯಲ್ಲ, ಅದನ್ನ ತೋರಿಸಿದ್ರೆ ಆಗಲ್ವಾ?

ಶಬ್ದ ಮಾಲಿನ್ಯ ನಿಯಮ 2000ನೇ ಇಸವೀದು. ಅದರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6 ರಾತ್ರಿ ಲೆಕ್ಕ, ಜನ ವಾಸ ಇರೋ ಜಾಗಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅದು ಒಂದು ಪ್ರದೇಶದ ಒಟ್ಟು ಸದ್ದಿಗೆ, ಮೈಕು ಸೆಟ್ಟು ಸ್ಪೀಕರ್ ಥರದ್ದಕ್ಕೆ ಮಾಡಿರೋದು, ಸ್ಲ್ಯಾಬಲ್ಲಿ ಇಳಿದು ಬರೋ ಕುರ್ಚಿ ಸದ್ದಿಗೆ ಅದನ್ನ ಹಚ್ಚೋದು ಕಷ್ಟ. ನಮ್ಮ ಕೇಸಲ್ಲಂತೂ ತಕರಾರು ಮಧ್ಯಾಹ್ನ ಎರಡಕ್ಕೆ, ಕಾನೂನಿನ ಕಣ್ಣಲ್ಲಿ ಪಕ್ಕಾ ಹಗಲು. ಅಕ್ಕ ಇದನ್ನೇ ಹೇಳಿದ್ರು, "ನಾನೇನು ರಾತ್ರಿ ರುಬ್ತಿದ್ದೀನಾ?" ಅಂತ. ಅವರ ಮಾತಲ್ಲೂ ನ್ಯಾಯ ಇತ್ತು. ರಾತ್ರಿ ಹೊತ್ತು ಸ್ಪೀಕರ್ ಹಾಕಿ ಕುಣಿಯೋರಿಗೆ ನಿಯಮ ನೆನಪಿಸಿ, ಅದು ಬೇರೆ.

ಇಬ್ಬರನ್ನೂ ಒಟ್ಟಿಗೆ ಕೂರಿಸ್ಬೇಕಾ? ಎಲ್ಲಿ, ಹೇಗೆ?

ಬೇರೆ ಬೇರೆಯಾಗಿ ಒಂದೊಂದು ಸಲ ಆದ್ರೂ ಕೂತು ಮಾತಾಡಿ, ಸದ್ದಿನ ಟೆಸ್ಟ್ ಮುಗಿದು, ಇಬ್ಬರೂ "ಸರಿ, ಮಾತಾಡಣ" ಅಂದ್ಮೇಲೆ ಮಾತ್ರ. ಸಿಟ್ಟು ಇರುವಾಗ ಎದುರು ಬದುರು ಕೂರಿಸಿದ್ರೆ ನೀವು ಜಗಳಕ್ಕೆ ಶಾಮಿಯಾನ ಹಾಕಿದ ಹಾಗೆ. ಜಾಗ ಇಬ್ಬರ ಮನೇನೂ ಬೇಡ. ನಾವು ಕೂತಿದ್ದು ಟೆರೇಸಲ್ಲಿ, ಬಟ್ಟೆ ಒಣಗ್ಸೋ ಶೀಟಿನ ಕೆಳಗೆ, ಸಿಸ್ಟರ್‌ಗೆ ಡೇ ಡ್ಯೂಟಿ ರಜ ಇದ್ದ ದಿನ, ಮಕ್ಕಳು ಸ್ಕೂಲಲ್ಲಿ ಇದ್ದಾಗ. ಫ್ಲಾಸ್ಕಲ್ಲಿ ಬೆಲ್ಲದ ಕಾಫಿ ತಗೊಂಡು ಹೋಗಿದ್ದೆ. ಮುಕ್ಕಾಲು ಗಂಟೆ ಸಾಕು ಅಂತ ಮೊದಲೇ ಹೇಳಿದ್ದೆ. ಗಂಡಂದಿರು, ಅತ್ತೆ, ಪಕ್ಕದ ಮನೆಯವರು ಯಾರೂ ಬೇಡ, ಜನ ಜಾಸ್ತಿ ಆದಷ್ಟು ಸೋಲ್ಬಾರ್ದು ಅನ್ನೋದು ಜಾಸ್ತಿ ಆಗುತ್ತೆ.

ಶುರುವಿನಲ್ಲಿ ಮೋಟರ್ ವಿಷಯ ನಾನೇ ಹೇಳ್ದೆ, ರಾತ್ರಿ ಸದ್ದು ಅಕ್ಕಂದಲ್ಲ, ನಮ್ದು ಅಂತ. ಸಿಸ್ಟರ್ ಅಕ್ಕನ ಕಡೆ ತಿರುಗಿ "ನಾನು ಅದಕ್ಕೂ ನಿಮ್ಮನ್ನೇ ಬೈದಿದ್ದೆ" ಅಂದ್ರು. ಅಕ್ಕ ನಕ್ಕು, "ನಾನೂ ಬೇಕು ಅಂತಲೇ ಕಲ್ಲು ಎತ್ತಿ ಹಾಕಿದ್ದೆ ಎರಡು ಸಲ" ಅಂದ್ರು. ಇದನ್ನ ನಾನು ಹೇಳಿಸಿದ್ದಲ್ಲ.

ಆಮೇಲೆ ಒಬ್ಬೊಬ್ಬರಾಗಿ ತಮ್ಮ ದಿನ ಹೇಳಿ ಅಂದೆ, ಇನ್ನೊಬ್ಬರು ಮಧ್ಯೆ ಬಾಯಿ ಹಾಕೋ ಹಾಗಿಲ್ಲ. ಹಿಟ್ಟು ಉಬ್ಬಲ್ಲ ಅನ್ನೋ ಕಾರಣ ಕೇಳಿ ಸಿಸ್ಟರ್‌ಗೆ ಆಶ್ಚರ್ಯ, ಅವರು ಅಂದ್ಕೊಂಡಿದ್ದು ಅಕ್ಕಂಗೆ ಮಧ್ಯಾಹ್ನ ಬೇರೆ ಕೆಲ್ಸ ಇಲ್ಲ ಅಂತ. "ಬೆಚ್ಚಗಿಟ್ರೆ ಬೇಗ ಉಬ್ಬಲ್ವಾ? ಮೆಡಿಕಲ್ ಶಾಪಿಗೆ ಔಷಧಿ ಬರೋ ಥರ್ಮಕೋಲ್ ಡಬ್ಬ ಉಂಟಲ್ಲ, ದೊಡ್ಡದು, ನಾನು ಕೇಳಿ ತಂದುಕೊಡ್ತೀನಿ, ಒಳಗೆ ಬಿಸಿನೀರ ಬಾಟ್ಲಿ ಇಡಿ" ಅಂದ್ರು. ಅಕ್ಕ ಲೆಕ್ಕ ಹಾಕಿದ್ರು, ಅಕ್ಕಿ ಒಂಬತ್ತಕ್ಕೆ ನೆನೆ ಹಾಕೋ ಬದಲು ಹತ್ತೂವರೆಗೆ ಹಾಕಿದ್ರೆ ಮೂರೂವರೆಗೆ ರುಬ್ಬಬಹುದು, ನಾಲ್ಕು ಹತ್ತಕ್ಕೆ ಮುಗೀತದೆ, ನಾಲ್ಕೂ ಕಾಲಿಗೆ ಮಕ್ಕಳು. ಈ ದಾರಿ ನನ್ನ ತಲೆಗೆ ಹೊಳೆದೇ ಇರ್ಲಿಲ್ಲ, ನಾನು ಗ್ರೈಂಡರ್ ಬಾಲ್ಕನಿಗೆ ಹಾಕ್ಸೋದು ಅಂತ ಯೋಚ್ನೆ ಮಾಡ್ಕೊಂಡು ಹೋಗಿದ್ದು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಇಬ್ಬರಿಗೂ ಹೇಳಿದ್ರೆ ತಪ್ಪೇನು?

ಅಡ್ಜಸ್ಟ್ ಅಂದ್ರೆ ಏನು, ಎಷ್ಟು, ಯಾರು, ಯಾವಾಗಿಂದ? ಆ ಮಾತು ಕೇಳಿದವರಿಗೆ "ನಿನ್ನ ಕಷ್ಟ ಕಷ್ಟ ಅಲ್ಲ" ಅಂತಲೇ ಕೇಳಿಸೋದು. ನನ್ನ ಬಾಯಿಗೂ ಬರುತ್ತೆ, ತಡ್ಕೊಳ್ತೀನಿ.

ಒಪ್ಪಿದ್ದನ್ನ ಬರೆದಿಡಬೇಕಾ?

ಬರೆದ್ರೆ ಒಳ್ಳೇದು, ಸ್ಟಾಂಪ್ ಪೇಪರ್ ಬೇಡ. ನಾವು ಬರೆದಿದ್ದು ಒಂದು ಪುಟ, ಮೂರೂ ಜನ ಫೋಟೋ ತಗೊಂಡ್ವಿ. ಸಿಸ್ಟರ್ ನೈಟ್ ಇರೋ ವಾರ ಮೊದಲೇ ಡ್ಯೂಟಿ ಲಿಸ್ಟ್ ಅಕ್ಕಂಗೆ ಕಳಿಸ್ತಾರೆ, ಆ ವಾರ ಗ್ರೈಂಡರ್ ಮೂರೂವರೆ ಮೇಲೆ, ಉಳಿದ ವಾರ ಅಕ್ಕನ ಇಷ್ಟ. ಕುರ್ಚಿ ಕಾಲಿಗೆ ರಬ್ಬರ್ ಬುಷ್ ನಾನು ತಂದುಕೊಡ್ತೀನಿ. ಮೋಟರ್ ಆಟೋಮ್ಯಾಟಿಕ್ ರಾತ್ರಿ ಹತ್ತಕ್ಕೆ ಆಫ್, ಆ ಜವಾಬ್ದಾರಿ ನಂದು. ತೊಂದ್ರೆ ಆದ್ರೆ ಸಿಸ್ಟರ್ ನೇರ ಅಕ್ಕಂಗೆ ಒಂದು ಮೆಸೇಜ್ ಹಾಕ್ತಾರೆ, ಸೂರಿಗೆ ಕುಟ್ಟೋದಿಲ್ಲ. ಇದೆಲ್ಲ 15 ದಿನಕ್ಕೆ, ಆಮೇಲೆ ಮತ್ತೆ ಕೂತು ನೋಡೋದು.

ಕರೆಂಟ್ ಹೋದ್ರೆ ಏನು ಅನ್ನೋದನ್ನ ಮರೀಬೇಡಿ. ನಮ್ಮ ಊರಲ್ಲಿ ಟೈಮ್ ಟೇಬಲ್ ಮಾಡಿದ್ರೂ ಮರ ಬಿದ್ದು ಲೈನ್ ಹೋದ್ರೆ ಎಲ್ಲ ಬುಡಮೇಲು, ಅಕ್ಕನ ಮನೆ ಇನ್ವರ್ಟರಲ್ಲಿ ಆ ಗ್ರೈಂಡರ್ ಓಡಲ್ಲ. ನಾವು ಬರೆದಿದ್ದು, ಆವತ್ತು ಮೂರೂವರೆಗೆ ಕರೆಂಟ್ ಇರಲ್ಲ ಅಂತ ಮೊದಲೇ ಗೊತ್ತಾದ್ರೆ ಅಕ್ಕ ಮೆಸೇಜ್ ಹಾಕಿ ಬೇಗ ರುಬ್ಬಬಹುದು, ಸಿಸ್ಟರ್ ಆ ದಿನ ಹಿಂದಿನ ಚಿಕ್ಕ ರೂಮಲ್ಲಿ ಮಲಗ್ತಾರೆ. ಈ ಸಾಲು ಇಲ್ಲದಿದ್ರೆ ಮೊದಲ ವಾರದಲ್ಲೇ ಒಪ್ಪಂದ ಮುರೀತಿತ್ತು.

ಎಲ್ಲ ಮನೆಯವರೂ ಇರೋ ಬಿಲ್ಡಿಂಗ್ ಗ್ರೂಪಲ್ಲಿ ಈ ಕಾಗದ ಹಾಕ್ಬೇಡಿ. ಅದು ಅವರಿಬ್ಬರದ್ದು.

ಗ್ರೈಂಡರ್ ಸದ್ದು ಕಮ್ಮಿ ಮಾಡಕ್ಕೆ ಏನ್ ಹಾಕೋದು?

ಗಾಳಿಲಿ ಬರೋ ಸದ್ದು ಒಂದು, ನೆಲ ಹಿಡಿದು ಇಳಿಯೋ ನಡುಕ ಇನ್ನೊಂದು. ಕೆಳಗಿನವರಿಗೆ ತೊಂದ್ರೆ ಕೊಡೋದು ಬಹಳ ಸಲ ಎರಡನೇದು, ಅದಕ್ಕೆ ಬಾಗಿಲು ಕಿಟಕಿ ಹಾಕಿ ಉಪಯೋಗ ಇಲ್ಲ. ಗ್ರೈಂಡರ್ ಮತ್ತು ನೆಲದ ಮಧ್ಯೆ ಮೆತ್ತಗಿರೋದು ಏನಾದ್ರೂ ಬೇಕು. ನಾವು ಹಾಕಿದ್ದು ದನದ ಕೊಟ್ಟಿಗೆಗೆ ಹಾಸೋ ದಪ್ಪ ರಬ್ಬರ್ ಮ್ಯಾಟ್, ತೋಟದಲ್ಲಿ ಉಳಿದ ತುಂಡು ಇತ್ತು, ಎರಡಡಿ ಚೌಕ ಕತ್ತರಿಸಿ, ಅದರ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಗ್ರೈಂಡರ್. ಗ್ರೈಂಡರ್ ಆಗಲಿ ಹಲಗೆ ಆಗಲಿ ಗೋಡೆಗೆ ತಾಗಬಾರದು, ತಾಗಿದ್ರೆ ನಡುಕ ಗೋಡೆ ಹಿಡಿದು ಇಳಿಯುತ್ತೆ. ಅಡುಗೆಮನೆ ಗ್ರಾನೈಟ್ ಕಟ್ಟೆ ಗೋಡೆ ಒಳಗೇ ಕೂತಿರುತ್ತೆ, ಅದರ ಮೇಲೆ ಮಿಕ್ಸಿ ಇಟ್ರೂ ಇದೇ ಕಥೆ, ಕೆಳಗೆ ಮಡಚಿದ ಗೋಣಿಯೋ ರಬ್ಬರೋ ಹಾಕಿ.

ಇನ್ನೊಂದು, ಜಾಗ. ಅಕ್ಕನ ಗ್ರೈಂಡರ್ ಇದ್ದಿದ್ದು ಸರಿಯಾಗಿ ಸಿಸ್ಟರ್ ಮಂಚದ ಮೇಲಿನ ರೂಮಲ್ಲಿ, ಅದನ್ನ ಅಡುಗೆಮನೆ ಮೂಲೆಗೆ ತಂದ್ವಿ. ಮತ್ತೆ ಟೆಸ್ಟ್ ಮಾಡಿದಾಗ ಗರ್ರ್ ಹೋಗಿ ಸಣ್ಣ ಗುಂಯ್ ಉಳಿದಿತ್ತು. ಪೂರ್ತಿ ಹೋಗಲ್ಲ, ಅದನ್ನ ಮೊದಲೇ ಸಿಸ್ಟರ್‌ಗೆ ಹೇಳಿದ್ದೆ.

ಚಿಕ್ಕ ಮಕ್ಕಳು ಓಡಿದ್ರೆ ಏನ್ ಮಾಡೋದು?

ಮೂರು ವರ್ಷದ ಮಗೂನ ಓಡ್ಬೇಡ ಅನ್ನಕ್ಕಾಗಲ್ಲ, ಅಮ್ಮನ ಮೇಲೆ ಒತ್ತಡ ಬಿದ್ದು ಮಗುಗೆ ಏಟು ಬೀಳುತ್ತೆ ಅಷ್ಟೇ. ಓಡೋ ಜಾಗಕ್ಕೆ ದಪ್ಪ ಜಮಖಾನ ಅಥವಾ ಫೋಮ್ ಮ್ಯಾಟ್ ಹಾಸಿ, ಮಲಗೋ ಹೊತ್ತಲ್ಲಿ ಮಗು ಆಡೋ ರೂಮ್ ಬದಲಾಯಿಸಿ. ಕೆಳಗಿನವರಿಗೆ ಆ ಮಗು ಪರಿಚಯ ಆದ್ರೆ ಅದೇ ಸದ್ದು ಸ್ವಲ್ಪ ಕಮ್ಮಿ ಕೇಳಿಸುತ್ತೆ, ಇದು ನನ್ನ ಅನುಭವ.

ಮಾತು ಸದ್ದು ಬಿಟ್ಟು ಬೇರೆ ಕಡೆ ಹೋದ್ರೆ?

ಹೋಗೇ ಹೋಗುತ್ತೆ. ನೀರು, ಸ್ಕೂಟರ್ ನಿಲ್ಸೋದು, ಮೆಟ್ಟಿಲು ಗುಡಿಸೋದು. "ಇದು ಇನ್ನೊಂದಿನ" ಅಂತ ಪಕ್ಕದಲ್ಲಿ ಬರ್ಕೊಳ್ಳಿ, ಬಿಟ್ಟಿಲ್ಲ ಅಂತ ಅವರಿಗೆ ಕಾಣ್ಬೇಕು. ಆದ್ರೆ "ಅವರ ಜನಾನೇ ಹಾಗೆ" ಅಂತ ಬಂದ್ರೆ ಅಲ್ಲೇ ನಿಲ್ಸಿ. ಒಂದೇ ಬಿಲ್ಡಿಂಗಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲ ಇರೋ ಊರು ಇದು, ಆ ಮಾತು ಒಮ್ಮೆ ಬಾಯಿಂದ ಬಿದ್ರೆ ಗ್ರೈಂಡರ್ ನಿಂತ್ರೂ ಅದು ನಿಲ್ಲಲ್ಲ. ನಾನು ಹೇಳೋದು, "ನಮ್ಮ ಹತ್ರ ಇರೋದು ಮೂರು ಸದ್ದು, ಅದರಲ್ಲಿ ಯಾವುದು?"

ಹಬ್ಬ, ನೆಂಟರು ಬಂದಾಗ?

ಹುತ್ತರಿ, ಕೈಲ್ ಪೊಳ್ದ್, ದಸರಾ ಮಂಟಪದ ರಾತ್ರಿ ಇವೆಲ್ಲ ಒಪ್ಪಂದದ ಹೊರಗೆ. ಎರಡು ದಿನ ಮುಂಚೆ ಬಾಯಲ್ಲಿ ಹೇಳಿದ್ರೆ ಸಾಕು.

15 ದಿನ ಆದ್ಮೇಲೆ ನಿಮ್ಮ ಕೇಸಲ್ಲಿ ಏನಾಯ್ತು?

ಎರಡು ಸಲ ತಪ್ಪಿತು. ಒಂದಿನ ಮೂರೂವರೆಗೆ ಕರೆಂಟ್ ಇರಲ್ಲ ಅಂತ ಗೊತ್ತಾಗಿ ಅಕ್ಕ ಬೇಗ ರುಬ್ಬಿದ್ರು, ಮೆಸೇಜ್ ಹಾಕಿದ್ರು, ಸಿಸ್ಟರ್ ಹಿಂದಿನ ರೂಮಿಗೆ ಹೋದ್ರು, ಜಗಳ ಇಲ್ಲ. ಇನ್ನೊಂದಿನ ಊರಿಂದ ಬಂದ ಅತ್ತೆಗೆ ಗೊತ್ತಿಲ್ದೆ ಒಂದು ಗಂಟೆಗೇ ಗ್ರೈಂಡರ್ ಹಾಕಿದ್ರು, ಸಿಸ್ಟರ್ ಮೆಸೇಜ್ ಹಾಕಿದ ಐದು ನಿಮಿಷಕ್ಕೆ ನಿಂತಿತು. ನಾನು ನೋಡೋದು ತಪ್ಪಾಯ್ತಾ ಅಂತಲ್ಲ, ತಪ್ಪಾದಾಗ ನನಗೆ ಫೋನ್ ಬಂತಾ ಅಂತ. ಎರಡು ಸಲವೂ ಬರ್ಲಿಲ್ಲ.

ಥರ್ಮಕೋಲ್ ಡಬ್ಬ ಮೊದಲ ದಿನ ಕೈ ಕೊಟ್ಟಿತು, ಬಾಟ್ಲಿ ನೀರು ನಡುರಾತ್ರಿಗೇ ತಣ್ಣಗಾಗಿ ಹಿಟ್ಟು ಹಾಗೇ ಕೂತಿತ್ತು, ಇಡ್ಲಿ ಬದಲು ದೋಸೆ ಕಳಿಸಿದ್ರು. ಆಮೇಲೆ ಡಬ್ಬಕ್ಕೆ ಕಂಬಳಿ ಸುತ್ತಿ, ಮಲಗೋ ಮುಂಚೆ ಬಿಸಿನೀರು ಬದಲಾಯಿಸೋದು ಅಂತ ಮಾಡ್ಕೊಂಡ್ರು. ಕುರ್ಚಿ ಬುಷ್ ತಿಂಗಳಿಗೆ ಸವೆದು ಮತ್ತೆ ಕಿರ್ರ್ ಶುರು ಆಯ್ತು, ಈಗ ಸ್ಟಾಕ್ ಇಟ್ಕೊಂಡಿದ್ದೀನಿ.

ಯಾವಾಗ ನಾವು ಮಧ್ಯಸ್ಥಿಕೆ ಮಾಡಬಾರದು?

ಸದ್ದು ಅಂದ್ರೆ ಹೊಡೆಯೋದು, ಹೆಂಗಸೋ ಮಗುವೋ ಕಿರಿಚೋದು ಆಗಿದ್ರೆ ಅಲ್ಲಿ ಕೂತು ಕಾಫಿ ಕುಡಿಯೋ ಕೆಲಸ ಇಲ್ಲ. 112ಕ್ಕೆ ಮಾಡಿ. ಹೆಂಗಸರ ಸಹಾಯವಾಣಿ 181, ಮಕ್ಕಳದ್ದು 1098. ಒಬ್ಬರು ಇನ್ನೊಬ್ಬರಿಗೆ ಬೆದರಿಕೆ ಹಾಕಿದ್ರೂ ಅಷ್ಟೇ, ಒಟ್ಟಿಗೆ ಕೂರಿಸಬೇಡಿ. ಮತ್ತೆ ಒಬ್ಬರನ್ನ ಖಾಲಿ ಮಾಡಿಸ್ಬೇಕು ಅಂತ ಓನರ್ ಮೊದಲೇ ಮನಸ್ಸು ಮಾಡಿದ್ರೆ ನೀವು ನಾಟಕಕ್ಕೆ ಹೋಗಬೇಡಿ, ನಾನು ಚಿಕ್ಕಪ್ಪನ ಹತ್ರ "ಈ ವಿಷಯಕ್ಕೆ ಯಾರನ್ನೂ ಬಿಡಿಸಲ್ಲ" ಅಂತ ಮಾತು ತಗೊಂಡೇ ಮೆಟ್ಟಿಲು ಹತ್ತಿದ್ದು.

ಹೊಸ ಬಾಡಿಗೆಯವರು ಬರುವಾಗ ಏನಾದ್ರೂ ಕೇಳಬಹುದಾ?

ಹನ್ನೊಂದು ತಿಂಗಳ ಅಗ್ರಿಮೆಂಟಲ್ಲಿ "ಅಕ್ಕಪಕ್ಕದವರಿಗೆ ತೊಂದ್ರೆ ಕೊಡಬಾರದು" ಅಂತ ಎಲ್ಲರೂ ಬರೀತಾರೆ, ಓದೋರು ಯಾರೂ ಇಲ್ಲ. ನಾನು ಈಗ ಎರಡು ಕೇಳ್ತೀನಿ, ಮನೇಲಿ ಯಾರಾದ್ರೂ ಹಗಲು ಮಲಗ್ತಾರಾ, ಮಾರಾಟಕ್ಕೆ ಅಂತ ಮನೇಲಿ ಮೆಷಿನ್ ಏನಾದ್ರೂ ಓಡಿಸ್ತೀರಾ. ಹೋದ ತಿಂಗಳು ನೆಲ ಅಂತಸ್ತಿಗೆ ಬಂದವರು ಟೈಲರ್, ಹೊಲಿಗೆ ಮೆಷಿನ್ ಎರಡು ಉಂಟಂತೆ. ರಬ್ಬರ್ ಮ್ಯಾಟ್ ತುಂಡು ಇನ್ನೂ ಉಳಿದಿದೆ, ಬೀಗದ ಕೈ ಜೊತೆ ಅದನ್ನೂ ಕೊಟ್ಟೆ.